ಹೆಸರು ಕೇಳಿದ್ದು ಯಾರಿಗೆ ಗೊತ್ತು, ಪುಟ ಓದಿದ್ದು ಯಾರಿಗೆ ಗೊತ್ತು?

2022ರ ಜೂನ್‌ನಲ್ಲಿ ಅಮೆರಿಕದ ‘ದ ಮಾರ್ಕಪ್’ ಎಂಬ ಸುದ್ದಿಸಂಸ್ಥೆ ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ‘ನ್ಯೂಸ್‌ವೀಕ್’ ಪತ್ರಿಕೆಯ ಪಟ್ಟಿಯಲ್ಲಿದ್ದ ಆ ದೇಶದ ನೂರು ಪ್ರಮುಖ ಆಸ್ಪತ್ರೆಗಳ ಜಾಲತಾಣಗಳನ್ನು ವರದಿಗಾರರು ಒಂದೊಂದಾಗಿ ತೆರೆದರು. ವೈದ್ಯರ ಭೇಟಿಗೆ ಸಮಯ ಗೊತ್ತುಮಾಡುವ ಬಟನ್ ಒತ್ತಿದರೆ ಬ್ರೌಸರ್‌ನಿಂದ ಯಾವ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಗಮನಿಸಿದರು. 33 ಆಸ್ಪತ್ರೆಗಳ ತಾಣದಲ್ಲಿ, ಬಟನ್ ಒತ್ತಿದ ಸುದ್ದಿ ಆಸ್ಪತ್ರೆಗೆ ಮಾತ್ರವಲ್ಲದೆ ಫೇಸ್‌ಬುಕ್‌ಗೂ ತಲುಪುತ್ತಿತ್ತು. ಕ್ಲೀವ್‌ಲ್ಯಾಂಡ್‌ನ ಒಂದು ಆಸ್ಪತ್ರೆಯಲ್ಲಂತೂ ವೈದ್ಯೆಯ ಹೆಸರು ಮತ್ತು ಅವರನ್ನು ಹುಡುಕಲು ಟೈಪ್ ಮಾಡಿದ್ದ ಪದಗಳು ಸಹ ಹೋಗಿದ್ದವು. ಆ ಪದಗಳ ಅರ್ಥ ಗರ್ಭಪಾತ.

ಇಲ್ಲಿ ಯಾರೂ ಕನ್ನ ಹಾಕಿರಲಿಲ್ಲ. ವಿಳಾಸಪಟ್ಟಿಯಲ್ಲಿ ಬೀಗದ ಗುರುತು ಇತ್ತು, ಸಂಪರ್ಕ ಎನ್‌ಕ್ರಿಪ್ಟ್ ಆಗಿತ್ತು. ಆದರೆ ಆಸ್ಪತ್ರೆಯವರೇ ತಮ್ಮ ಪುಟದೊಳಗೆ ‘ಮೆಟಾ ಪಿಕ್ಸೆಲ್’ ಎಂಬ ಪುಟ್ಟ ಕೋಡ್ ಸೇರಿಸಿದ್ದರು. ತಮ್ಮ ಜಾಹೀರಾತು ಎಷ್ಟು ಜನರನ್ನು ತಾಣಕ್ಕೆ ಕರೆತಂದಿತು ಎಂದು ಲೆಕ್ಕ ಹಾಕುವುದಕ್ಕೆ ಇದನ್ನು ಬಳಸುತ್ತಾರೆ. ರೋಗಿಯ ಬ್ರೌಸರ್ ಆ ಕೋಡನ್ನು ಪುಟದ ಭಾಗವೆಂದೇ ಭಾವಿಸಿ ನಡೆಸುತ್ತದೆ, ಅದು ಹೇಳಿದ ಕಡೆಗೆ ಮಾಹಿತಿ ಕಳಿಸುತ್ತದೆ.

ಈ ಪ್ರಕರಣವನ್ನು ಹಿಡಿದು ಒಂದು ಪ್ರಶ್ನೆ ಕೇಳಬಹುದು. ಇಂದಿನ ಬ್ರೌಸರ್‌ಗಳ ಸೆಟ್ಟಿಂಗ್‌ನಲ್ಲಿ ಖಾಸಗಿತನದ ಹೆಸರಿನಲ್ಲಿ ಎರಡು ಸ್ವಿಚ್‌ಗಳು ಕಾಣುತ್ತವೆ. ಒಂದು ಸುರಕ್ಷಿತ ಡಿಎನ್‌ಎಸ್, ಇನ್ನೊಂದು ಟ್ರ್ಯಾಕಿಂಗ್ ತಡೆ. ಆ ರೋಗಿ ಮೊದಲನೆಯದನ್ನು ಆನ್ ಮಾಡಿದ್ದರೆ ಏನಾಗುತ್ತಿತ್ತು? ಏನೂ ಬದಲಾಗುತ್ತಿರಲಿಲ್ಲ, ಅದೇ ಮಾಹಿತಿ ಅದೇ ಕಡೆಗೆ ಹೋಗುತ್ತಿತ್ತು. ಎರಡನೆಯದನ್ನು ಬಿಗಿಯಾಗಿ ಆನ್ ಮಾಡಿದ್ದರೆ? ಆ ಕೋಡ್ ಲೋಡ್ ಆಗುವುದೇ ತಪ್ಪುತ್ತಿತ್ತು. ಎರಡೂ ಒಂದೇ ಜಾತಿಯ ರಕ್ಷಣೆ ಎಂದುಕೊಂಡು, ಒಂದನ್ನು ಒತ್ತಿ ನಿಶ್ಚಿಂತರಾಗುವವರು ಬಹಳ ಮಂದಿ. ಆದ್ದರಿಂದ ಯಾವುದು ಯಾರ ಕಣ್ಣಿಗೆ ಅಡ್ಡ ಬರುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಡಿಎನ್‌ಎಸ್. ದಾವಣಗೆರೆಯ ಒಂದು ಮನೆಯಲ್ಲಿ ಒಬ್ಬರು ಮೂತ್ರಪಿಂಡದ ಚಿಕಿತ್ಸೆಯ ಬಗ್ಗೆ ತಿಳಿಯಲು ಒಂದು ಆಸ್ಪತ್ರೆಯ ತಾಣ ತೆರೆಯುತ್ತಾರೆ ಎಂದುಕೊಳ್ಳೋಣ. ತಾಣದ ಹೆಸರು `aspatre.example` ಎಂದಿರಲಿ. ಕಂಪ್ಯೂಟರ್‌ಗಳು ಒಂದನ್ನೊಂದು ತಲುಪುವುದು ಹೆಸರಿನಿಂದಲ್ಲ, ಐಪಿ ವಿಳಾಸ ಎಂಬ ಸಂಖ್ಯೆಯಿಂದ. ಹಾಗಾಗಿ ಬ್ರೌಸರ್ ಮೊದಲು ಒಂದು ಡಿಎನ್‌ಎಸ್ ಸರ್ವರ್ ಅನ್ನು ‘ಈ ಹೆಸರಿನ ಸಂಖ್ಯೆ ಯಾವುದು’ ಎಂದು ಕೇಳಬೇಕು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈ ವ್ಯವಸ್ಥೆಯನ್ನು ರೂಪಿಸಿದಾಗ ಪ್ರಶ್ನೆಯೂ ಉತ್ತರವೂ ತೆರೆದ ಅಕ್ಷರಗಳಲ್ಲೇ ಹೋಗುತ್ತಿದ್ದವು. ಇವತ್ತಿಗೂ ಬಹುಪಾಲು ಮನೆಗಳಲ್ಲಿ ಹಾಗೆಯೇ ಹೋಗುತ್ತಿವೆ. ಮನೆಯ ರೂಟರ್, ಇಂಟರ್‌ನೆಟ್ ಕೊಡುವ ಕಂಪನಿ, ಹೋಟೆಲಿನ ವೈ-ಫೈ ನಡೆಸುವವರು, ನಡುವೆ ಇರುವ ಯಾರೇ ಆಗಲಿ ಆ ಹೆಸರನ್ನು ಓದಬಹುದು. ಅಷ್ಟೇ ಅಲ್ಲ, ಉತ್ತರವನ್ನು ಬದಲಿಸಲೂಬಹುದು.

ಬದಲಿಸುವುದು ಬರೀ ಊಹೆಯ ಮಾತಲ್ಲ. ‘ಡಿಎನ್‌ಎಸ್ ಚೇಂಜರ್’ ಎಂಬ ಕುತಂತ್ರಾಂಶ ಜಗತ್ತಿನ ಸುಮಾರು 40 ಲಕ್ಷ ಕಂಪ್ಯೂಟರ್‌ಗಳ ಡಿಎನ್‌ಎಸ್ ಸೆಟ್ಟಿಂಗ್ ಅನ್ನು ಸದ್ದಿಲ್ಲದೆ ತಿದ್ದಿ, ಪ್ರಶ್ನೆಗಳೆಲ್ಲ ವಂಚಕರ ಸರ್ವರ್‌ಗೆ ಹೋಗುವಂತೆ ಮಾಡಿತ್ತು. ಜನ ಒಂದು ಕೊಂಡಿ ಒತ್ತಿದರೆ ಇನ್ನೊಂದು ತಾಣ ತೆರೆಯುತ್ತಿತ್ತು, ಜಾಹೀರಾತಿನ ದುಡ್ಡು ವಂಚಕರಿಗೆ ಸೇರುತ್ತಿತ್ತು. 2011ರ ನವೆಂಬರ್‌ನಲ್ಲಿ ಎಫ್‌ಬಿಐ ಅವರ ಜಾಲವನ್ನು ಹಿಡಿಯಿತು. ಆದರೆ ಆ ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದ್ದರೆ ಸೋಂಕು ತಗುಲಿದ್ದ ಅಷ್ಟೂ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ಟೇ ಇಲ್ಲದಂತಾಗುತ್ತಿತ್ತು. ಅದಕ್ಕಾಗಿ ಅವುಗಳ ಜಾಗದಲ್ಲಿ ಸರಿಯಾದ ಸರ್ವರ್‌ಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಹೆಸರು ಕೇಳುವ ಜಾಗ ಯಾರ ಕೈಯಲ್ಲಿದೆ ಎಂಬುದು ಎಷ್ಟು ದೊಡ್ಡ ವಿಷಯ ಎಂದು ಅಂದು ಎಲ್ಲರಿಗೂ ಗೊತ್ತಾಯಿತು.

ಎನ್‌ಕ್ರಿಪ್ಟ್ ಆದ ಡಿಎನ್‌ಎಸ್ ಮಾಡುವ ಕೆಲಸ ಇಷ್ಟು: ಆ ಪ್ರಶ್ನೆಯನ್ನು, ಬ್ಯಾಂಕಿನ ಪುಟಕ್ಕೆ ಬಳಸುವಂಥದೇ ಎನ್‌ಕ್ರಿಪ್ಷನ್‌ನಲ್ಲಿ ಮುಚ್ಚಿ, ಒಂದು ಗೊತ್ತಾದ ಸರ್ವರ್‌ಗೆ ನೇರವಾಗಿ ಕಳಿಸುವುದು. ಬ್ರೌಸರ್‌ಗಳು ಬಳಸುವ ವಿಧಾನಕ್ಕೆ ‘ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್’ ಎಂದು ಹೆಸರು, ಅದರ ಮಾನದಂಡ 2018ರ ಅಕ್ಟೋಬರ್‌ನಲ್ಲಿ ಬಂತು. ನಡುದಾರಿಯಲ್ಲಿರುವವರು ಈಗ ಪ್ರಶ್ನೆಯನ್ನು ಓದಲಾರರು, ಉತ್ತರವನ್ನು ತಿದ್ದಲಾರರು. ರೂಟರ್‌ನ ಡಿಎನ್‌ಎಸ್ ಅನ್ನು ಯಾರೋ ತಿದ್ದಿದ್ದರೂ, ಬ್ರೌಸರ್ ಅದನ್ನು ಕೇಳದೆ ತಾನು ಆರಿಸಿಕೊಂಡ ಸರ್ವರ್‌ಗೇ ಹೋಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ.

ಪ್ರಶ್ನೆಯನ್ನು ಅಂಚೆ ಕಾರ್ಡಿನ ಬದಲು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದಂತಾಯಿತು, ಸರಿ. ಒಳಗಿನ ಅಕ್ಷರ ಕಾಣದಿದ್ದರೂ ಮೇಲಿನ ವಿಳಾಸ ಅಂಚೆಯವನಿಗೆ ಕಾಣಲೇಬೇಕು. ಉತ್ತರ ಸಿಕ್ಕ ಮೇಲೆ ಬ್ರೌಸರ್ ಆಸ್ಪತ್ರೆಯ ಸರ್ವರ್‌ಗೆ ಸಂಪರ್ಕ ಮಾಡುತ್ತದೆ. ಆ ಸರ್ವರ್‌ನ ಐಪಿ ಸಂಖ್ಯೆ ಇಂಟರ್‌ನೆಟ್ ಕಂಪನಿಗೆ ಕಾಣುತ್ತದೆ. ಒಂದೇ ಸಂಖ್ಯೆಯಲ್ಲಿ ಹಲವು ತಾಣಗಳು ಇರುವುದರಿಂದ, ತನಗೆ ಯಾವುದು ಬೇಕೆಂದು ಬ್ರೌಸರ್ ಸಂಪರ್ಕದ ಮೊದಲ ಸಂದೇಶದಲ್ಲೇ ತಾಣದ ಹೆಸರು ಹೇಳುತ್ತದೆ. ಎನ್‌ಕ್ರಿಪ್ಷನ್ ಶುರುವಾಗುವುದು ಆ ಸಂದೇಶದ ನಂತರ. ಅಂದರೆ ಡಿಎನ್‌ಎಸ್‌ನಲ್ಲಿ ಮುಚ್ಚಿಟ್ಟ `aspatre.example` ಎಂಬ ಹೆಸರು ಮರುಕ್ಷಣವೇ ಇನ್ನೊಂದು ಕಡೆ ತೆರೆದ ಅಕ್ಷರದಲ್ಲಿ ಹೋಗುತ್ತದೆ. ಎಸ್‌ಎನ್‌ಐ ಎಂದು ಕರೆಯುವುದು ಈ ಹೆಸರನ್ನೇ.

ಇದನ್ನು ನೋಡುವವರು ಇದ್ದಾರೆಯೇ? 2019ರಲ್ಲಿ ಬೆಂಗಳೂರು ಮತ್ತು ದೆಹಲಿಯಲ್ಲಿ ಕಚೇರಿ ಇರುವ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿಯ ಸಂಶೋಧಕರು, ರಿಲಯನ್ಸ್ ಜಿಯೋ ಜಾಲದಲ್ಲಿ ಕೆಲವು ತಾಣಗಳನ್ನು ತಡೆಯಲು ಎಸ್‌ಎನ್‌ಐ ಹೆಸರನ್ನೇ ಪರಿಶೀಲಿಸಲಾಗುತ್ತಿದೆ ಎಂದು ಪರೀಕ್ಷೆ ಮಾಡಿ ದಾಖಲಿಸಿದರು. ಅಂಥ ಜಾಲದಲ್ಲಿ ಡಿಎನ್‌ಎಸ್ ಮಾತ್ರ ಮುಚ್ಚಿದರೆ ಹೆಸರು ಮುಚ್ಚಿದಂತಾಗುವುದಿಲ್ಲ. ಈ ಕೊನೆಯ ಕಂಡಿಯನ್ನೂ ಮುಚ್ಚುವ ‘ಎನ್‌ಕ್ರಿಪ್ಟೆಡ್ ಕ್ಲೈಂಟ್ ಹಲೋ’ ಎಂಬ ವಿಧಾನ 2023ರಿಂದ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಬಂದಿದೆ. ಅದಕ್ಕೆ ತಾಣದ ಸರ್ವರ್ ಸಹ ಸಿದ್ಧವಾಗಿರಬೇಕು. ಎಷ್ಟೋ ತಾಣಗಳು ಇನ್ನೂ ಆಗಿಲ್ಲ. ಇದರಿಂದ ಪೂರ್ತಿ ಪ್ರಯೋಜನ ಸಿಗಬೇಕಾದರೆ ಸುರಕ್ಷಿತ ಡಿಎನ್‌ಎಸ್ ಸಹ ಆನ್ ಆಗಿರಬೇಕು. ಡಿಎನ್‌ಎಸ್ ಸ್ವಿಚ್ಚನ್ನು ಆನ್ ಮಾಡಿಟ್ಟುಕೊಳ್ಳುವುದಕ್ಕೆ ಇದೂ ಒಂದು ಗಟ್ಟಿ ಕಾರಣ.

ಇನ್ನೊಂದು ವಿಷಯವೂ ಇದೆ. ಪ್ರಶ್ನೆ ಇಂಟರ್‌ನೆಟ್ ಕಂಪನಿಯ ಕಣ್ಣಿನಿಂದ ತಪ್ಪಿಸಿಕೊಂಡು ಹೋಗಿ ಸೇರುವುದು ಮತ್ತೊಂದು ಕಂಪನಿಯ ಬಳಿಗೆ. ಕ್ಲೌಡ್‌ಫ್ಲೇರ್, ಗೂಗಲ್, ಕ್ವಾಡ್9 ಇಂಥವುಗಳಲ್ಲಿ ಒಂದಕ್ಕೆ. ಆ ಮನೆಯವರು ಯಾವ ಯಾವ ತಾಣದ ಹೆಸರು ಕೇಳಿದರು ಎಂಬುದು ಇನ್ನು ಮುಂದೆ ಅವರಿಗೆ ಗೊತ್ತು. ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾ ಸಂಸ್ಥೆ ತನ್ನ ಪಟ್ಟಿಗೆ ಸೇರುವ ಕಂಪನಿಗಳಿಗೆ ಒಂದು ಷರತ್ತು ಹಾಕಿದೆ: ಬಳಕೆದಾರರನ್ನು ಗುರುತಿಸಬಹುದಾದ ದಾಖಲೆಯನ್ನು 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ. ಷರತ್ತು ಒಳ್ಳೆಯದೇ, ಆದರೂ ಅದು ಒಪ್ಪಂದದ ಮೇಲಿನ ನಂಬಿಕೆ. ನಂಬಿಕೆಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರ ಮೇಲೆ ಇಡುತ್ತಿದ್ದೇವೆ ಎಂಬುದು ಆರಿಸುವಾಗ ಮನಸ್ಸಿನಲ್ಲಿರಬೇಕು.

ಈಗ ಸ್ವಿಚ್ ಎಲ್ಲಿದೆ ನೋಡೋಣ. ಕ್ರೋಮ್‌ನಲ್ಲಿ Settings ತೆರೆದು Privacy and security, ಅದರೊಳಗೆ Security ಎಂಬಲ್ಲಿಗೆ ಹೋದರೆ ‘Use secure DNS’ ಸಿಗುತ್ತದೆ. ಹೆಚ್ಚಿನವರಲ್ಲಿ ಅದು ಆಗಲೇ ಆನ್ ಆಗಿರುತ್ತದೆ. ಮೋಸಹೋಗುವುದು ಇಲ್ಲಿಯೇ. ಯಾವ ಕಂಪನಿ ಎಂಬುದನ್ನು ಆರಿಸದೆ ಇದ್ದಹಾಗೆಯೇ ಬಿಟ್ಟರೆ, ಕ್ರೋಮ್ ಈಗ ಬಳಕೆಯಲ್ಲಿರುವ ಡಿಎನ್‌ಎಸ್ ಸರ್ವರ್ ತನಗೆ ಗೊತ್ತಿರುವ ಸುರಕ್ಷಿತ ಸರ್ವರ್‌ಗಳ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ. ಇದ್ದರೆ ಮುಚ್ಚಿ ಕಳಿಸುತ್ತದೆ, ಇಲ್ಲದಿದ್ದರೆ ಯಾವ ಸೂಚನೆಯೂ ಇಲ್ಲದೆ ಹಳೆಯ ತೆರೆದ ದಾರಿಯಲ್ಲೇ ಕಳಿಸುತ್ತದೆ. ನಮ್ಮ ಮನೆಗಳ ರೂಟರ್‌ಗಳು ಸಾಮಾನ್ಯವಾಗಿ `192.168.1.1` ರೀತಿಯ ತಮ್ಮದೇ ವಿಳಾಸವನ್ನು ಡಿಎನ್‌ಎಸ್ ಎಂದು ಹೇಳುತ್ತವೆ. ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ಸ್ವಿಚ್ ನೀಲಿಯಾಗಿ ಹೊಳೆಯುತ್ತಿದ್ದರೂ ಪ್ರಶ್ನೆ ತೆರೆದೇ ಹೋಗುತ್ತಿರಬಹುದು. ಅದೇ ಜಾಗದ ಪಟ್ಟಿಯಿಂದ ಒಂದು ಕಂಪನಿಯ ಹೆಸರನ್ನು ಕೈಯಾರೆ ಆರಿಸಿದಾಗ ಮಾತ್ರ ಈ ಅನುಮಾನ ತೀರುತ್ತದೆ.

ಫೈರ್‌ಫಾಕ್ಸ್‌ನಲ್ಲಿ Privacy & Security ಭಾಗದಲ್ಲಿ ‘DNS over HTTPS’ ಎಂಬ ಶೀರ್ಷಿಕೆ ಇದೆ. ಅಲ್ಲಿ ‘Increased Protection’ ಆರಿಸಿದರೆ ಮೊದಲು ಸುರಕ್ಷಿತ ದಾರಿ, ಅದು ಕೈಕೊಟ್ಟರೆ ಹಳೆಯ ದಾರಿ. ‘Max Protection’ ಆರಿಸಿದರೆ ಸುರಕ್ಷಿತ ದಾರಿ ಸಿಗದಿದ್ದಾಗ ಎಚ್ಚರಿಕೆಯ ಪುಟ ಬರುತ್ತದೆ, ತಾನಾಗಿ ಹಳೆಯ ದಾರಿಗೆ ಹೋಗುವುದಿಲ್ಲ. ಮನೆಯ ಬಳಕೆಗೆ ಮೊದಲನೆಯದು ಸಾಕು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ಇದನ್ನು ಟೈಪ್ ಮಾಡಬೇಕು:

```
about:networking#dns
```

ಇತ್ತೀಚೆಗೆ ಕೇಳಿದ ಹೆಸರುಗಳ ಪಟ್ಟಿ ಬರುತ್ತದೆ. TRR ಎಂಬ ಕಾಲಂನಲ್ಲಿ true ಎಂದಿದ್ದರೆ ಆ ಹೆಸರು ಮುಚ್ಚಿಯೇ ಹೋಗಿದೆ. ಕ್ಲೌಡ್‌ಫ್ಲೇರ್ ಆರಿಸಿದವರು ಯಾವ ಬ್ರೌಸರ್‌ನಲ್ಲಾದರೂ `https://one.one.one.one/help` ತೆರೆದು ‘Using DNS over HTTPS’ ಎಂಬ ಸಾಲಿನ ಮುಂದೆ Yes ಇದೆಯೇ ನೋಡಬಹುದು.

ತೊಂದರೆ ಬರುವ ಜಾಗಗಳು ಮೊದಲೇ ಗೊತ್ತಿದ್ದರೆ ಒಳ್ಳೆಯದು. ರೈಲ್ವೆ ನಿಲ್ದಾಣ ಅಥವಾ ಲಾಡ್ಜ್‌ನ ವೈ-ಫೈ, ಮೊಬೈಲ್ ಸಂಖ್ಯೆ ಕೇಳುವ ಪುಟವನ್ನು ತೋರಿಸಲು ಡಿಎನ್‌ಎಸ್ ಉತ್ತರವನ್ನು ಬೇಕೆಂದೇ ಬದಲಿಸುವುದುಂಟು. ಸುರಕ್ಷಿತ ಡಿಎನ್‌ಎಸ್ ಅದನ್ನು ತಡೆಯುವುದರಿಂದ ಆ ಪುಟವೇ ಬರದೆ, ಇಂಟರ್‌ನೆಟ್ ಕೆಟ್ಟಿದೆ ಎನಿಸುತ್ತದೆ. ಕಚೇರಿಯ ಒಳಗಿನ ತಾಣಗಳ ಹೆಸರು ಹೊರಗಿನ ಸರ್ವರ್‌ಗಳಿಗೆ ಗೊತ್ತಿರುವುದಿಲ್ಲ, ಹಾಗಾಗಿ ಅವೂ ತೆರೆಯದೆ ಹೋಗಬಹುದು. ಕ್ರೋಮ್‌ನಲ್ಲಿ `DNS_PROBE_FINISHED_BAD_SECURE_CONFIG` ಎಂಬ ತಪ್ಪು ಕಂಡರೆ ಕಾರಣ ಈ ಸೆಟ್ಟಿಂಗೇ. ತಾತ್ಕಾಲಿಕವಾಗಿ ಆಫ್ ಮಾಡಿ, ಲಾಗಿನ್ ಮುಗಿದ ಮೇಲೆ ಮತ್ತೆ ಆನ್ ಮಾಡಬೇಕು. ಮನೆಯ ರೂಟರ್‌ನಲ್ಲಿ ಮಕ್ಕಳಿಗಾಗಿ ಡಿಎನ್‌ಎಸ್ ಮೂಲಕ ಕೆಲವು ತಾಣಗಳನ್ನು ತಡೆದಿದ್ದರೆ ಆ ತಡೆಯೂ ಈ ಬ್ರೌಸರ್‌ನಲ್ಲಿ ನಿಂತುಹೋಗುತ್ತದೆ. 2019ರಲ್ಲಿ ಬ್ರಿಟನ್ನಿನ ಇಂಟರ್‌ನೆಟ್ ಪೂರೈಕೆದಾರರ ಸಂಘ ಇದೇ ಕಾರಣ ಮುಂದಿಟ್ಟು ಮೊಝಿಲ್ಲಾ ಸಂಸ್ಥೆಯನ್ನು ‘ವರ್ಷದ ಇಂಟರ್‌ನೆಟ್ ಖಳನಾಯಕ’ ಪಟ್ಟಕ್ಕೆ ಸೂಚಿಸಿತ್ತು. ಟೀಕೆ ಜೋರಾದ ಮೇಲೆ ಸೂಚನೆಯನ್ನು ಹಿಂತೆಗೆದುಕೊಂಡಿತು. ಸಂಘದ ಆ ನಡೆ ಅತಿಯಾಯಿತು, ಆದರೆ ಮಕ್ಕಳ ತಡೆ ತಪ್ಪುತ್ತದೆ ಎಂಬ ಮಾತು ಸುಳ್ಳಲ್ಲ.

ಟ್ರ್ಯಾಕಿಂಗ್ ತಡೆಯ ಕಥೆ ಬೇರೆ. ಅದು ನೋಡುವುದು ದಾರಿಯನ್ನಲ್ಲ, ಪುಟದ ಒಳಗನ್ನು.

`aspatre.example` ತೆರೆದಾಗ ಬ್ರೌಸರ್ ಆಸ್ಪತ್ರೆಯ ಸರ್ವರ್‌ನಿಂದ ಪುಟ ತರುತ್ತದೆ. ಪುಟದಲ್ಲಿ ಬೇರೆ ಕಂಪನಿಗಳ ಕೋಡ್, ಚಿತ್ರ, ಬಟನ್ ಇದ್ದರೆ ಅವುಗಳಿಗಾಗಿ ಆ ಕಂಪನಿಗಳ ಸರ್ವರ್‌ಗಳಿಗೂ ಹೋಗುತ್ತದೆ. ಹಾಗೆ ಹೋದಾಗ, ಆ ಕಂಪನಿ ಹಿಂದೆ ಎಂದಾದರೂ ಈ ಬ್ರೌಸರ್‌ನಲ್ಲಿ ಬಿಟ್ಟುಹೋದ ಕುಕಿಯೂ ಜೊತೆಗೆ ಹೋಗುತ್ತದೆ. ಬೆಳಿಗ್ಗೆ ಫೇಸ್‌ಬುಕ್‌ಗೆ ಲಾಗಿನ್ ಆದವರು ಮಧ್ಯಾಹ್ನ ಆಸ್ಪತ್ರೆಯ ತಾಣ ನೋಡಿದರೆ, ನೋಡಿದವರು ಇವರೇ ಎಂದು ಗೊತ್ತಾಗುವುದು ಹೀಗೆ. ಇಂಟರ್‌ನೆಟ್ ಕಂಪನಿಗೆ ತಾಣದ ಹೆಸರಷ್ಟೇ ಗೊತ್ತಾಗುತ್ತಿತ್ತು. ಪುಟದೊಳಗೆ ಕೂತವರಿಗೆ ಯಾವ ಪುಟ, ಯಾವ ಬಟನ್, ಕೆಲವೊಮ್ಮೆ ಯಾವ ಪದ ಎಂಬುದೆಲ್ಲ ಗೊತ್ತಾಗುತ್ತದೆ. ಸಾಮಾನ್ಯ ಓದುಗರ ಮಟ್ಟಿಗೆ ಎರಡನೆಯ ಕಣ್ಣೇ ಹೆಚ್ಚು ಆಳಕ್ಕೆ ಇಳಿಯುವಂಥದ್ದು. ಸಮಯ ಒಂದೇ ಸ್ವಿಚ್ಚಿಗೆ ಇದ್ದರೆ ಅದನ್ನು ಇಲ್ಲಿ ಖರ್ಚು ಮಾಡುವುದು ಜಾಣತನ.

ಫೈರ್‌ಫಾಕ್ಸ್ 2019ರ ಸೆಪ್ಟೆಂಬರ್‌ನಿಂದ ಎಲ್ಲರಿಗೂ ಈ ತಡೆಯನ್ನು ಆನ್ ಮಾಡಿಯೇ ಕೊಡುತ್ತಿದೆ. 2022ರ ಜೂನ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ತಾಣಕ್ಕೂ ಕುಕಿಗಳನ್ನು ಬೇರೆ ಬೇರೆಯಾಗಿ ಇಡತೊಡಗಿತು. ಸುದ್ದಿ ತಾಣದಲ್ಲಿ ಇಟ್ಟ ಕುಕಿ ಆಸ್ಪತ್ರೆಯ ತಾಣದಲ್ಲಿ ಕಾಣುವುದಿಲ್ಲ, ಎರಡೂ ಕಡೆ ಇರುವುದು ಒಂದೇ ಜಾಹೀರಾತು ಕಂಪನಿಯಾದರೂ ಸರಿ. ಆದರೆ ‘Standard’ ಎಂಬ ಸಾಮಾನ್ಯ ಹಂತದಲ್ಲಿ, ಮಾಮೂಲಿ ವಿಂಡೋಗಳಲ್ಲಿ, ಟ್ರ್ಯಾಕ್ ಮಾಡುವ ಕೋಡ್ ಲೋಡ್ ಆಗುವುದೇನೂ ಪೂರ್ತಿ ನಿಲ್ಲುವುದಿಲ್ಲ. ಅದು ಬರುತ್ತದೆ, ಮಾಹಿತಿ ಕಳಿಸುತ್ತದೆ, ಹಳೆಯ ಕುಕಿ ಮಾತ್ರ ಸಿಗುವುದಿಲ್ಲ. ‘ಯಾರೋ ಒಬ್ಬರು ಈ ಬಟನ್ ಒತ್ತಿದರು’ ಎಂಬ ಸುದ್ದಿ ಐಪಿ ವಿಳಾಸದೊಡನೆ ಹೋಗುತ್ತದೆ, ‘ಇಂಥವರು ಒತ್ತಿದರು’ ಎಂಬುದು ಕುಕಿಯಿಂದ ತಿಳಿಯುವುದಿಲ್ಲ. ‘Strict’ ಹಂತಕ್ಕೆ ಏರಿಸಿದರೆ, ಟ್ರ್ಯಾಕರ್‌ಗಳೆಂದು ಪಟ್ಟಿಯಲ್ಲಿರುವ ಸರ್ವರ್‌ಗಳಿಗೆ ಬ್ರೌಸರ್ ಹೋಗುವುದನ್ನೇ ಬಿಡುತ್ತದೆ. ಪಟ್ಟಿಯನ್ನು ಸಿದ್ಧಪಡಿಸುವುದು ಡಿಸ್ಕನೆಕ್ಟ್ ಎಂಬ ಕಂಪನಿ. ಪಟ್ಟಿಯಲ್ಲಿ ಇಲ್ಲದ ಹೊಸ ಟ್ರ್ಯಾಕರ್ ಇದ್ದರೆ ಅದು ನುಸುಳಿಕೊಳ್ಳುತ್ತದೆ.

ಆ್ಯಪಲ್‌ನ ಸಫಾರಿ 2020ರ ಮಾರ್ಚ್‌ನಿಂದ ಬೇರೆ ತಾಣಗಳ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ. ಕ್ರೋಮ್ ಮಾತ್ರ ಹಿಂದೆ ಉಳಿದಿದೆ. ಅವುಗಳನ್ನು ತೆಗೆದೇ ಬಿಡುತ್ತೇವೆ ಎಂದು ಗೂಗಲ್ ವರ್ಷಗಟ್ಟಲೆ ಹೇಳಿತು, 2024ರ ಜುಲೈನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಹಾಗಾಗಿ ಕ್ರೋಮ್ ಬಳಸುವವರು Privacy and security ಒಳಗಿನ ‘Third-party cookies’ ಎಂಬಲ್ಲಿ ತಡೆಯನ್ನು ತಾವೇ ಆರಿಸಬೇಕು. ಅದು ನಿಲ್ಲಿಸುವುದು ಕುಕಿಗಳನ್ನು ಮಾತ್ರ, ಕೋಡನ್ನಲ್ಲ. ‘Do Not Track’ ಎಂಬ ಇನ್ನೊಂದು ಸ್ವಿಚ್ ಇದ್ದರೆ ಅದರ ಮೇಲೆ ಭರವಸೆ ಬೇಡ. ಅದು ತಾಣಗಳಿಗೆ ಮಾಡುವ ವಿನಂತಿ, ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ. ಫೈರ್‌ಫಾಕ್ಸ್ 2025ರಲ್ಲಿ ಅದನ್ನು ತೆಗೆದೇಹಾಕಿತು.

ಬಿಗಿ ಹಂತದಲ್ಲಿ ಕೆಲವು ತಾಣಗಳು ಮುಗ್ಗರಿಸುತ್ತವೆ. ವಿಡಿಯೊ ಇರಬೇಕಾದಲ್ಲಿ ಖಾಲಿ ಚೌಕ, ಬೇರೆ ಖಾತೆಯ ಮೂಲಕ ಲಾಗಿನ್ ಆಗುವ ಬಟನ್ ಒತ್ತಿದರೂ ಏನೂ ಆಗದಿರುವುದು, ಹಣ ಪಾವತಿಯ ಪುಟ ಅರ್ಧಕ್ಕೆ ನಿಲ್ಲುವುದು ಇದರ ಲಕ್ಷಣಗಳು. ಆಗ ಇಡೀ ತಡೆಯನ್ನು ತೆಗೆಯುವ ಅಗತ್ಯವಿಲ್ಲ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಎಡಕ್ಕಿರುವ ಗುರಾಣಿಯ ಗುರುತನ್ನು ಒತ್ತಿ ಆ ಒಂದು ತಾಣಕ್ಕೆ ಮಾತ್ರ ಆಫ್ ಮಾಡಬಹುದು. ಆ ಪುಟದಲ್ಲಿ ಯಾವ ಯಾವ ಟ್ರ್ಯಾಕರ್ ಸಿಕ್ಕಿಬಿದ್ದವು ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ದಿನವೂ ಓದುವ ತಾಣಗಳಲ್ಲಿ ಒಮ್ಮೆ ಅದನ್ನು ಒತ್ತಿ ನೋಡಿದರೆ ಪುಟದೊಳಗಿನ ಜನಸಂದಣಿ ಕಣ್ಣಿಗೆ ಕಾಣುತ್ತದೆ.

ಇದೂ ಎಲ್ಲವನ್ನೂ ತಡೆಯಲಾರದು. ಲಾಗಿನ್ ಆಗಿ ಬಳಸುವ ತಾಣವೇ ಬಳಕೆದಾರರ ಚಟುವಟಿಕೆಯನ್ನು ಬರೆದಿಟ್ಟುಕೊಂಡರೆ ಬ್ರೌಸರ್ ಏನೂ ಮಾಡಲಾಗದು. ತಾಣದವರು ಮಾಹಿತಿಯನ್ನು ತಮ್ಮ ಸರ್ವರ್‌ನಿಂದಲೇ ಜಾಹೀರಾತು ಕಂಪನಿಗೆ ಕಳಿಸಿದರೆ ಅದು ಬ್ರೌಸರ್ ಮೂಲಕ ಹಾದುಹೋಗುವುದೇ ಇಲ್ಲ. ಅಂಥ ಏರ್ಪಾಡನ್ನು ಮೆಟಾ ಕಂಪನಿ ‘ಕನ್ವರ್ಷನ್ಸ್ ಎಪಿಐ’ ಎಂಬ ಹೆಸರಿನಲ್ಲಿ ಬಹಿರಂಗವಾಗಿಯೇ ಕೊಡುತ್ತದೆ. ಅದನ್ನು ತಡೆಯುವುದು ಕಾನೂನಿಗೆ ಬಿಟ್ಟ ಕೆಲಸ.

ಮೊಬೈಲ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಬ್ರೌಸರ್‌ನ ಎರಡೂ ಸ್ವಿಚ್‌ಗಳು ಆ ಬ್ರೌಸರ್‌ಗೆ ಮಾತ್ರ ಅನ್ವಯಿಸುತ್ತವೆ. ಬ್ಯಾಂಕಿನ ಆ್ಯಪ್, ಸುದ್ದಿಯ ಆ್ಯಪ್ ಕೇಳುವ ಹೆಸರುಗಳೂ ಮುಚ್ಚಿ ಹೋಗಬೇಕಾದರೆ, ಆ್ಯಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನ್‌ಗಳ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿರುವ ‘Private DNS’ ಎಂಬಲ್ಲಿ `one.one.one.one` ಅಥವಾ `dns.google` ಎಂದು ಬರೆಯಬೇಕು. ಟ್ರ್ಯಾಕಿಂಗ್ ವಿಷಯದಲ್ಲಿ ಅಷ್ಟೂ ಸಾಲದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಒಂದು ಕೊಂಡಿ ಒತ್ತಿದರೆ ಅದು ಆ್ಯಪ್‌ನ ಒಳಗಿನದೇ ಬ್ರೌಸರ್‌ನಲ್ಲಿ ತೆರೆಯುತ್ತದೆ, ಅಲ್ಲಿ ಫೈರ್‌ಫಾಕ್ಸ್‌ನ ಯಾವ ತಡೆಯೂ ಇರುವುದಿಲ್ಲ. ಇನ್‌ಸ್ಟಾಗ್ರಾಂನ ಒಳಬ್ರೌಸರ್ ಹಾಗೆ ತೆರೆದ ಹೊರಗಿನ ಪುಟಗಳಿಗೆ ತನ್ನದೇ ಕೋಡ್ ಸೇರಿಸುತ್ತದೆ ಎಂದು ಸಂಶೋಧಕ ಫೆಲಿಕ್ಸ್ ಕ್ರೌಸೆ 2022ರ ಆಗಸ್ಟ್‌ನಲ್ಲಿ ತೋರಿಸಿಕೊಟ್ಟರು. ಆಸ್ಪತ್ರೆ, ಸಾಲ, ಉದ್ಯೋಗ ಇಂಥ ವಿಷಯದ ಕೊಂಡಿಯಾದರೆ ಮೇಲಿನ ಮೂಲೆಯ ಮೂರು ಚುಕ್ಕೆ ಒತ್ತಿ, ಹೊರಗಿನ ಬ್ರೌಸರ್‌ನಲ್ಲಿ ತೆರೆಯುವ ಆಯ್ಕೆಯನ್ನು ಬಳಸಿ, ಆಮೇಲೆ ಓದುವುದು ಮೇಲು.